ಒಂದೇ ಡೇಟಾಗೆ ಎಸ್‌ಡಿ, ಎಸ್‌ಇ, ಸಿಐ ಎರರ್ ಬಾರ್ ಹಾಕಿದ್ರೆ ಮೂರು ಚಾರ್ಟೂ ಬೇರೆ ಬೇರೆ ಕತೆ ಹೇಳ್ತವೆ, ಯಾವುದನ್ನ ನಂಬ್ಲಿ?

ಜೋಳದಹೊಲ_ಹರಿಹರ
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಮೆಕ್ಕೆಜೋಳದ ಟ್ರಯಲ್ ಮಾಡೀನಿ, ಒಂದು ಜಿಂಕ್ ಸಲ್ಫೇಟ್ ಹಾಕಿದ್ದು, ಇನ್ನೊಂದು ಹಾಕದೇ ಇದ್ದದ್ದು. ಎರಡರಲ್ಲೂ ಒಂಬತ್ತೊಂಬತ್ತು ತೆನೆ ತೂಗಿದ್ದಕ್ಕೆ ಜಿಂಕ್ ಇಲ್ದಿರೋದು ಸರಾಸರಿ 150 ಗ್ರಾಂ, ಹಾಕಿದ್ದು 170 ಗ್ರಾಂ ಬಂತು, ಎಸ್‌ಡಿ ಎರಡಕ್ಕೂ 18. ಈಗ ಚಾರ್ಟಿಗೆ ಎಸ್‌ಡಿ ಹಾಕಿದ್ರೆ ಎರಡು ಕಡ್ಡಿನೂ ಒಂದರೊಳಗೊಂದು ಹೊಕ್ಕಂಡು ಏನೂ ವ್ಯತ್ಯಾಸ ಇಲ್ಲ ಅನ್ನಂಗೆ ಕಾಣ್ತತೆ, ಎಸ್‌ಇ ಹಾಕಿದ್ರೆ ನಡುವೆ ಒಳ್ಳೆ ಗ್ಯಾಪ್ ಐತೆ, 95% ಸಿಐ ಹಾಕಿದ್ರೆ ಮತ್ತೆ ಓವರ್‌ಲ್ಯಾಪ್. ಗೈಡ್ ಎಸ್‌ಇ ಹಾಕು ಅಂತಾರೆ. ಚಂದ ಕಾಣೋದಕ್ಕೆ ಹಾಕೋದು ನಂಗಿಷ್ಟ ಇಲ್ಲ, ಸರಿಯಾಗಿರೋದು ಯಾವುದು ಹೇಳ್ರಿ.

ಅಗ್ರಿ_ಹೊಳಲ್ಕೆರೆ
ತಮ್ಮಾ, ಇದ್ರಲ್ಲಿ ಗೊಂದಲ ಏನೂ ಇಲ್ಲ. ಸಿಐ ಒಂದೇ ಸರಿಯಾದ್ದು. ಸಿಐ ಕಡ್ಡಿ ಓವರ್‌ಲ್ಯಾಪ್ ಆತು ಅಂದ್ರೆ ವ್ಯತ್ಯಾಸ ಇಲ್ಲ ಅಂತ, ಆಗ್ಲಿಲ್ಲ ಅಂದ್ರೆ ಐತೆ ಅಂತ. ನಿಂದು ಓವರ್‌ಲ್ಯಾಪ್ ಆಗೈತೆ, ಹಂಗಾಗಿ ನಾನ್ ಸಿಗ್ನಿಫಿಕೆಂಟ್ ಅಂತ ಬರ್ದು ಮುಗಿಸು.

ಲೆಕ್ಕದಕ್ಕ_ದುರ್ಗ
ಹೊಳಲ್ಕೆರೆ ಸರ್, ಓವರ್‌ಲ್ಯಾಪ್ ಆಗ್ಲಿಲ್ಲ ಅಂದ್ರೆ ವ್ಯತ್ಯಾಸ ಇದೆ ಅನ್ನೋದು ಸರಿ, ಆದ್ರೆ ಓವರ್‌ಲ್ಯಾಪ್ ಆಯ್ತು ಅಂದ್ರೆ ವ್ಯತ್ಯಾಸ ಇಲ್ಲ ಅನ್ನೋದು ಸರಿಯಿಲ್ಲ. ಇವನ ನಂಬರ್ರೇ ತಗೊಳ್ಳಿ. ಎಸ್‌ಡಿ 18, ಒಂಬತ್ತರ ವರ್ಗಮೂಲ 3, ಹಂಗಾಗಿ ಎಸ್‌ಇ 6. ಒಂಬತ್ತು ತೆನೆಗೆ ಟಿ ಬೆಲೆ 2.306, ಅದ್ರಿಂದ ಗುಣಿಸಿದ್ರೆ ಸಿಐ ಕಡ್ಡಿ ಆ ಕಡೆ ಈ ಕಡೆ 13.8. ಮೊದಲನೇ ಬಾರಿನ ಕಡ್ಡಿ 163.8ರ ತನಕ ಏರುತ್ತೆ, ಎರಡನೇದು 156.2ಕ್ಕೆ ಇಳಿಯುತ್ತೆ, ಓವರ್‌ಲ್ಯಾಪ್ ನಿಜ. ಆದ್ರೆ ನಮಗೆ ಬೇಕಾಗಿರೋದು ವ್ಯತ್ಯಾಸದ ಲೆಕ್ಕ. 20 ಗ್ರಾಂ ವ್ಯತ್ಯಾಸದ ಎಸ್‌ಇ 6 + 6 ಅಂತ 12 ಆಗಲ್ಲ, ಎರಡರ ವರ್ಗ ಕೂಡಿಸಿ ಮೂಲ ತೆಗೆದ್ರೆ 8.5 ಆಗುತ್ತೆ. ಎರಡೂ ಗುಂಪು ಸೇರಿ 18 ತೆನೆಗೆ ಟಿ ಬೆಲೆ 2.12, ಅದಕ್ಕೆ ವ್ಯತ್ಯಾಸದ ಸಿಐ ಸುಮಾರು 2ರಿಂದ 38, ಸೊನ್ನೆ ಒಳಗಿಲ್ಲ, ಪಿ 0.03. ಎರಡು ಕಡ್ಡಿ ಮುಟ್ಟಿಕೊಂಡ್ವಾ ಅಂತ ಕಣ್ಣಲ್ಲಿ ನೋಡೋದು ಅಂದ್ರೆ 6 ಮತ್ತೆ 6ನ ನೇರ ಕೂಡಿಸಿದ ಹಾಗೆ, ಅದು ಬೇಕಾದ್ದಕ್ಕಿಂತ ಬಿಗಿಯಾದ ಪರೀಕ್ಷೆ.

ಎಸ್‌ಇ ಕಡ್ಡಿದು ಇದರ ಉಲ್ಟಾ ತೊಂದರೆ. ವ್ಯತ್ಯಾಸ 20ರ ಬದಲು 14 ಗ್ರಾಂ ಇದ್ದಿದ್ರೂ ಎಸ್‌ಇ ಕಡ್ಡಿಗಳ ನಡುವೆ ಗ್ಯಾಪ್ ಕಾಣ್ತಿತ್ತು, ಪಿ ಮಾತ್ರ 0.12ರ ಹತ್ರ ಬರ್ತಿತ್ತು. ಎಸ್‌ಇ ಗ್ಯಾಪ್ ನೋಡಿ ವ್ಯತ್ಯಾಸ ಇದೆ ಅಂತ ಬರೆದುಬಿಡೋದು ನಾನು ಥೀಸಿಸ್‌ಗಳಲ್ಲಿ ತುಂಬಾ ನೋಡೋದು, ನೋಡಿದಾಗೆಲ್ಲ ಬೇಜಾರಾಗುತ್ತೆ.

ಹರಿಹರ ತಮ್ಮಾ, ಒಂದು ಹೇಳು. ಆ ಒಂಬತ್ತು ತೆನೆ ಎಷ್ಟು ಪ್ಲಾಟಿಂದ ಕಿತ್ತಿದ್ದು?

ಭಟ್ಟಿ_ದಾವಣಗೆರೆ
ನಡುವೆ ಬಾಯಿ ಹಾಕ್ತಿದೀನಿ, ನಂದೂ ಇದೇ ಸಮಸ್ಯೆ ಅನ್ಸುತ್ತೆ. ನಮ್ಮದು ಮಂಡಕ್ಕಿ ಭಟ್ಟಿ, ಚೀಲದ ತೂಕ ಹೆಚ್ಚುಕಮ್ಮಿ ಆಗ್ತವೆ ಅಂತ ಗಿರಾಕಿಗಳ ಗಲಾಟೆ. ದಿನಾ 20 ಚೀಲ ತೂಗಿ ಎಸ್‌ಡಿ ಬಾರ್ ಹಾಕ್ತಿದ್ದೆ, ಜಾಸ್ತಿ ತೂಗಿದ್ರೆ ಬಾರ್ ಸಣ್ಣ ಆಗ್ತತೆ ಅಂತ ಯಾರೋ ಅಂದ್ರು, 100 ತೂಗಿದ್ರೂ ಬಾರ್ ಅಷ್ಟೇ ಐತೆ. ಎಕ್ಸೆಲ್ಲಲ್ಲಿ ಏನೋ ಎಡವಟ್ಟಾಗೈತಾ?

ಲೆಕ್ಕದಕ್ಕ_ದುರ್ಗ
ಎಡವಟ್ಟೇನೂ ಇಲ್ಲ ಅಣ್ಣಾ. ಎಸ್‌ಡಿ ಹೇಳೋದು ಚೀಲ ಚೀಲಕ್ಕೆ ತೂಕ ಎಷ್ಟು ಏರುಪೇರು ಅಂತ. ನೀವು ನೂರು ತೂಗಿದ ಮಾತ್ರಕ್ಕೆ ತುಂಬೋರ ಕೈ ಬದಲಾಗಲ್ಲವಲ್ಲ, ಅದಕ್ಕೇ ಬಾರ್ ಹಾಗೇ ಇದೆ. ತೂಗಿದಷ್ಟೂ ಸಣ್ಣ ಆಗೋದು ಎಸ್‌ಇ, ಅದು ಸರಾಸರಿನ ಎಷ್ಟು ಗಟ್ಟಿಯಾಗಿ ಹಿಡಿದಿದೀರ ಅಂತ ಹೇಳೋದು. ಗಿರಾಕಿ ಮನೆಗೆ ಒಯ್ಯೋದು ಒಂದು ಚೀಲ, ನಿಮ್ಮ ಸರಾಸರಿನಲ್ಲ, ಹಂಗಾಗಿ ನಿಮಗೆ ಎಸ್‌ಡಿನೇ ಸರಿ. ಅಲ್ಲಿ ಎಸ್‌ಇ ತೋರ್ಸಿದ್ರೆ ಚೀಲಗಳೆಲ್ಲ ಒಂದೇ ತೂಕ ಅನ್ನೋ ಹಾಗೆ ಕಾಣುತ್ತೆ, ಗಲಾಟೆ ಮಾತ್ರ ನಿಲ್ಲಲ್ಲ.

ಜೋಳದಹೊಲ_ಹರಿಹರ
ಅಕ್ಕಾ, ಒಂದೊಂದಕ್ಕೂ ಮೂರು ಪ್ಲಾಟ್, ಪ್ರತಿ ಪ್ಲಾಟಿಂದ ಮೂರು ತೆನೆ. ಜಿಂಕ್ ಇಲ್ದಿರೋ ಪ್ಲಾಟ್‌ಗಳ ಸರಾಸರಿ 140, 150, 160. ಹಾಕಿದ್ದು 160, 170, 180. ಅದೇನು ಫರಕ್ ಆಗ್ತತೆ?

ಲೆಕ್ಕದಕ್ಕ_ದುರ್ಗ
ಅಲ್ಲೇ ಇರೋದು ವಿಷಯ. ನಿನ್ನ ಸಂಖ್ಯೆ 9 ಅಲ್ಲ, 3. ಜಿಂಕ್ ಹಾಕಿದ್ದು ಪ್ಲಾಟಿಗೆ, ತೆನೆತೆನೆಗಲ್ಲ. ಒಂದೇ ಪ್ಲಾಟಿನ ಮೂರು ತೆನೆ ಒಂದೇ ಮಣ್ಣು ಒಂದೇ ನೀರು ಕಂಡವು, ಅವು ಮೂರು ಸ್ವತಂತ್ರ ಸಾಕ್ಷಿ ಅಲ್ಲ. ನಾನು ಮೇಲೆ ಹೇಳಿದ 0.03 ಒಂಬತ್ತೂ ಸ್ವತಂತ್ರ ಆಗಿದ್ರೆ ಮಾತ್ರ.

ಈಗ ಪ್ಲಾಟ್ ಸರಾಸರಿ ಇಟ್ಕೊಂಡು ಮತ್ತೆ ಮಾಡು. ಎಸ್‌ಡಿ 10, ಅದನ್ನ 3ರ ವರ್ಗಮೂಲದಿಂದ ಭಾಗಿಸಿದ್ರೆ ಎಸ್‌ಇ 5.8. ಮೊದಲು 6 ಇತ್ತು, ಈಗ 5.8, ಚಾರ್ಟಲ್ಲಿ ಯಾರಿಗೂ ಫರಕ್ಕೇ ಗೊತ್ತಾಗಲ್ಲ. ಆದ್ರೆ ಮೂರೇ ಪ್ಲಾಟ್ ಇದ್ರೆ ಟಿ ಬೆಲೆ 2.306 ಹೋಗಿ 4.303 ಆಗುತ್ತೆ, ಹಂಗಾಗಿ ಸಿಐ ಕಡ್ಡಿ 13.8ರಿಂದ 24.8ಕ್ಕೆ ಉದ್ದ ಆಗುತ್ತೆ. ಸಾಕ್ಷಿ ಎಷ್ಟು ಕಮ್ಮಿ ಅನ್ನೋದನ್ನ ಎಸ್‌ಇ ಮುಚ್ಚಿಡ್ತು, ಸಿಐ ಹೇಳ್ತು. ದೊಡ್ಡ ಸ್ಯಾಂಪಲ್ಲಲ್ಲಿ ಎಸ್‌ಇ ಕಡ್ಡಿ ನಿಜವಾದ ಸರಾಸರಿನ ನೂರಕ್ಕೆ 68 ಸಲ ಹಿಡಿಯುತ್ತೆ, ಮೂರೇ ಇದ್ರೆ 58 ಸಲ ಅಷ್ಟೇ, ಅಂದ್ರೆ ಕಡ್ಡಿ ಅದೇ ಉದ್ದ ಇದ್ರೂ ಅದರ ಅರ್ಥ ಅದೇ ಅಲ್ಲ.

ಅಗ್ರಿ_ಹೊಳಲ್ಕೆರೆ
ಒಪ್ದೆ ಮೇಡಂ. ನಮ್ ಕಡೆ ಟೇಬಲ್ಲಲ್ಲಿ ವ್ಯತ್ಯಾಸ ಇಷ್ಟಾದ್ರೂ ಇರ್ಬೇಕು ಅಂತ ಸಿ.ಡಿ. ಕೊಡ್ತೀವಲ್ಲ, ಅದ್ರ ಲೆಕ್ಕ ಹಾಕ್ದೆ. ವ್ಯತ್ಯಾಸದ ಎಸ್‌ಇ 8.2, ಎರಡೂ ಕಡೆ ಸೇರಿ ಆರು ಪ್ಲಾಟಿಗೆ ಟಿ 2.776, ಗುಣಿಸಿದ್ರೆ 22.7. ಇವನ ವ್ಯತ್ಯಾಸ 20, ಸಿ.ಡಿ.ಗಿಂತ ಕಮ್ಮಿ. ಅಂದ್ರೆ ನಾನು ಮೊದ್ಲೇ ಹೇಳ್ದಂಗೆ ನಾನ್ ಸಿಗ್ನಿಫಿಕೆಂಟ್ ಅಲ್ವಾ?

ಲೆಕ್ಕದಕ್ಕ_ದುರ್ಗ
ಉತ್ತರ ಒಂದೇ ಬಂತು, ದಾರಿ ಬೇರೆ ಸರ್. ಓವರ್‌ಲ್ಯಾಪ್ ಆಯ್ತು ಅಂತ ಬಂದಿದ್ದಲ್ಲ ಇದು, ವ್ಯತ್ಯಾಸನ ನೇರ ಲೆಕ್ಕ ಹಾಕಿದ್ದಕ್ಕೆ ಬಂದಿದ್ದು. ಜಿಂಕ್ ಕೆಲಸ ಮಾಡಿಲ್ಲ ಅಂತಾನೂ ಬರೆಯೋ ಹಾಗಿಲ್ಲ, ವ್ಯತ್ಯಾಸದ ಸಿಐ ಸೊನ್ನೆಗಿಂತ 2.7 ಕೆಳಗಿಂದ 42.7ರ ತನಕ ಇದೆ, ಅದರಲ್ಲಿ 40 ಗ್ರಾಂ ಲಾಭಕ್ಕೂ ಜಾಗ ಇದೆ.

ಜೋಳದಹೊಲ_ಹರಿಹರ
ಎಕ್ಸೆಲ್ಲಲ್ಲಿ ಇದನ್ನ ಹಾಕೋದು ಹೆಂಗಕ್ಕಾ? ಚಾರ್ಟಲ್ಲೇ Standard Error ಅಂತ ರೆಡಿ ಐತಲ್ಲ, ಅದು ಸಾಲ್ದಾ?

ಲೆಕ್ಕದಕ್ಕ_ದುರ್ಗ
ಅದನ್ನ ಮುಟ್ಟಬೇಡ. ಅದಕ್ಕೆ ನಿನ್ನ ಪ್ಲಾಟ್ ಡೇಟಾ ಗೊತ್ತೇ ಇಲ್ಲ, ಚಾರ್ಟಲ್ಲಿರೋ 150, 170 ಎರಡನ್ನೇ ಇಟ್ಕೊಂಡು ಲೆಕ್ಕ ಹಾಕುತ್ತೆ. ನಿನ್ನ ಡೇಟಾದಲ್ಲಿ ಎರಡು ಕಡೆನೂ ಎಸ್‌ಡಿ ಒಂದೇ ಇರೋದ್ರಿಂದ ಕಡ್ಡಿ ಹೇಗೂ ಒಂದೇ ಉದ್ದ ಬರುತ್ತೆ, ಬೇರೆ ಡೇಟಾದಲ್ಲಿ ಎಲ್ಲಾ ಬಾರಿಗೂ ಒಂದೇ ಉದ್ದದ ಕಡ್ಡಿ ಬಂತು ಅಂದ್ರೆ ಮೊದಲು ಅದರ ಮೇಲೇ ಅನುಮಾನ ಪಡು. ಪ್ಲಾಟ್ ಸರಾಸರಿಗಳು B2ರಿಂದ B4ರಲ್ಲಿ ಇದ್ರೆ ಹೀಗೆ:

```
=CONFIDENCE.T(0.05, STDEV.S(B2:B4), 3)
```

24.8 ಬರಬೇಕು. 11.3 ಬಂದ್ರೆ `CONFIDENCE.NORM` ಹಾಕಿದೀಯ ಅಂತ. ಬಂದಿದ್ದನ್ನ More Options ಒಳಗೆ Custom, Specify Value ಅಂತ ಇರುತ್ತಲ್ಲ, ಅಲ್ಲಿ ಪ್ಲಸ್ಸಿಗೂ ಮೈನಸ್ಸಿಗೂ ಕೊಡು. ಚಿತ್ರದ ಕೆಳಗೆ ಕಡ್ಡಿ 95% ಸಿಐ, ಎನ್ ಅಂದ್ರೆ 3 ಪ್ಲಾಟ್ ಅಂತ ಬರಿ. ಮೂರೇ ಇರೋದ್ರಿಂದ ಆ ಮೂರು ಚುಕ್ಕಿನೂ ಬಾರ್ ಮೇಲೆ ಹಾಕಿದ್ರೆ ಇನ್ನೂ ಒಳ್ಳೇದು.

ಜೋಳದಹೊಲ_ಹರಿಹರ
ಆಯ್ತಕ್ಕ. ಗೈಡ್ ಎಸ್‌ಇನೇ ಬೇಕು ಅಂದ್ರೆ? ಇನ್ನೊಂದು, ಹೊಲ ಇಳಿಜಾರು ಇದ್ದಿದ್ದಕ್ಕೆ ಮೂರು ಬ್ಲಾಕ್ ಮಾಡಿ ಪ್ರತಿ ಬ್ಲಾಕಲ್ಲೂ ಜಿಂಕ್ ಇರೋದೊಂದು ಇಲ್ದಿರೋದೊಂದು ಪ್ಲಾಟ್ ಹಾಕಿದ್ದೆ.

ಲೆಕ್ಕದಕ್ಕ_ದುರ್ಗ
ಎಸ್‌ಇ ಬೇಕಂದ್ರೆ ಹಾಕು, ಎಸ್‌ಇ ಅಂತಲೂ ಎನ್ 3 ಅಂತಲೂ ಸ್ಪಷ್ಟ ಬರಿ, ಓದೋರು ಸಿಐ ತಾವೇ ಮಾಡ್ಕೋಬಹುದು. ಬ್ಲಾಕ್ ಇದ್ರೆ ಮಾತ್ರ ಲೆಕ್ಕ ಮತ್ತೆ ಬದಲಾಗುತ್ತೆ, ಆಗ ಒಂದೇ ಬ್ಲಾಕಿನ ಎರಡು ಪ್ಲಾಟ್ ಜೋಡಿ ಮಾಡಿ ವ್ಯತ್ಯಾಸ ತೆಗೀಬೇಕು, ಬಾರ್ ಬಾರಿಗೆ ಹಾಕಿದ ಯಾವ ಕಡ್ಡಿನೂ ಅದನ್ನ ತೋರ್ಸಲ್ಲ. 140 ಬಂದ ಪ್ಲಾಟಿನ ಪಕ್ಕದ ಜಿಂಕ್ ಪ್ಲಾಟ್ ಎಷ್ಟು, 160ಆ 180ಆ? ಅದು ಗೊತ್ತಾಗದೆ ನಾನು ಹೌದು ಅಲ್ಲ ಅಂತ ಹೇಳಲ್ಲ.

ಜೋಳದಹೊಲ_ಹರಿಹರ
ಬ್ಲಾಕ್ ನಂಬರ್ ಎಲ್ಲಾ ಹೊಲದ ಪುಸ್ತಕದಾಗೆ ಐತೆ, ಅದು ಊರಲ್ಲಿ. ಭಾನುವಾರ ತಂದು ಇಲ್ಲೇ ಹಾಕ್ತೀನಿ.