ಪದಚರ್ಚೆ: ನಕ್ಷೆಯಲ್ಲಿ ಹೆಸರು ತಾಗುವುದು, ಚುಕ್ಕೆ ಮರೆಯಾಗುವುದು — ಎರಡಕ್ಕೂ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ನಾವು ಒಂದಿಬ್ಬರು ಸೇರಿ ಚಿಕ್ಕಬಳ್ಳಾಪುರ ಜಿಲ್ಲೆಯ ನಕ್ಷೆಯೊಂದನ್ನು ಕನ್ನಡದಲ್ಲಿ ಮಾಡುತ್ತಿದ್ದೇವೆ. ಎ4 ಹಾಳೆಯಲ್ಲಿ ಇಡೀ ಜಿಲ್ಲೆ ಹಿಡಿಯಬೇಕು. ಹಾಗಾಗಿ ಒಂದು ಸೆಂಟಿಮೀಟರಿಗೆ 5 ಕಿಲೋಮೀಟರ್ ಇಟ್ಟುಕೊಂಡಿದ್ದೇವೆ. ಇದನ್ನು ಹೇಗೆ ಮಾಡಿದೆವು ಅಂತ ಶಾಲೆಯ ಮೇಷ್ಟ್ರುಗಳಿಗೆ ಒಂದು ಪುಟ್ಟ ಕೈಪಿಡಿಯನ್ನೂ ಬರೆಯುತ್ತಿದ್ದೇನೆ. ತೊಡಕು ಬಂದಿದ್ದು ಅಲ್ಲೇ.

ಕರಡಿನಲ್ಲಿ ಎಲ್ಲ ಕಡೆ ‘ಅತಿವ್ಯಾಪನೆ’ ಎಂದು ಬರೆದಿದ್ದೆ. ಓದಿದವರೊಬ್ಬರು, "ಏನು ಯಾವುದರ ಮೇಲೆ ಬಿತ್ತು, ಅದನ್ನು ಹೇಳಿ" ಅಂದರು. ಸರಿಯಾಗೇ ಕೇಳಿದ್ದರು. ನಂದಿಬೆಟ್ಟವನ್ನೇ ತಗೊಳ್ಳಿ. ಬೆಟ್ಟದ ಈಶಾನ್ಯಕ್ಕೆ ನಂದಿ ಗ್ರಾಮ ಇದೆ, ಭೋಗನಂದೀಶ್ವರ ಗುಡಿ ಇರುವ ಊರು. ನೇರ ದಾರಿಯಲ್ಲಿ ಎರಡೂವರೆ ಕಿಲೋಮೀಟರ್ ಆಸುಪಾಸು. ನಮ್ಮ ಹಾಳೆಯಲ್ಲಿ ಅದು ಬರೀ ಅರ್ಧ ಸೆಂಟಿಮೀಟರ್. ‘ನಂದಿಬೆಟ್ಟ’ ಎಂಬ ಹೆಸರನ್ನು ಚುಕ್ಕೆಯ ಮೇಲೆ, ಬಲಕ್ಕೆ ಕೂರಿಸಿದರೆ ಅದು ನೇರ ಹೋಗಿ ಗ್ರಾಮದ ಚುಕ್ಕೆಯನ್ನು ನುಂಗಿಬಿಡುತ್ತದೆ. ಇಲ್ಲಿ ಹೆಸರಿಗೆ ಹೆಸರು ತಾಗಿಲ್ಲ. ಆದರೂ ತಪ್ಪೇ, ಅಲ್ವಾ?

ಹೆಸರಿನ ಮೇಲೆ ಹೆಸರು ಬಿದ್ದರೆ ಓದಲು ಆಗುವುದಿಲ್ಲ, ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಚುಕ್ಕೆಯ ಮೇಲೆ ಹೆಸರು ಬಿದ್ದರೆ ಅಲ್ಲೊಂದು ಊರಿತ್ತು ಎಂಬುದೇ ಗೊತ್ತಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಪದ ಬೇಕು ಅನ್ನಿಸುತ್ತಿದೆ. ಹಾಗೆಯೇ ಈ ಇಡೀ ಕೆಲಸಕ್ಕೆ ‘ಹೆಸರಿಡುವುದು’ ಅಂದರೆ ನಾಮಕರಣ ಆಗಿಬಿಡುತ್ತದೆ. ನಾನು ಸದ್ಯಕ್ಕೆ ‘ಹೆಸರು ಕೂರಿಸುವುದು’ ಎನ್ನುತ್ತಿದ್ದೇನೆ. ಏನಂತೀರಿ?

ಬಾಗೇಪಲ್ಲಿಯಿಂದ:

ನಮ್ಮೂರ ಬೋರ್ಡಿನದ್ದೂ ಇದೇ ಕಥೆ ಸಾರ್! ಹೆಸರು ಬರೆದ ಫಲಕದ ಮೇಲೆ ಹುಟ್ಟುಹಬ್ಬದ ಬ್ಯಾನರ್ ಕಟ್ಟಿ ಮೂರು ತಿಂಗಳಾಯಿತು. ಹೊಸಬರು ಊರು ದಾಟಿ ಹೋಗಿ ವಾಪಸ್ ಬರುತ್ತಾರೆ. ಇದಕ್ಕೆ ನಾವು ‘ಮರೆ’ ಎನ್ನುತ್ತೇವೆ. ಬ್ಯಾನರ್ ತೆಗೆಸಲು ಯಾರಿಗೆ ಅರ್ಜಿ ಕೊಡಬೇಕು, ಯಾರಾದರೂ ತಿಳಿಸಿ.

ತುಮಕೂರಿನಿಂದ:

ಪದ ಹುಡುಕುವ ಮೊದಲು ಸಾಫ್ಟ್‌ವೇರ್ ಸರಿಯಾಗಿ ಬಳಸಿ. ಕ್ಯೂಜಿಐಎಸ್‌ನಲ್ಲಿ `Cartographic` ಆರಿಸಿ, ಮುಗೀತು. ಒಂದೊಂದು ಚುಕ್ಕೆಗೂ ಸುತ್ತ ಹತ್ತಾರು ಜಾಗ ನೋಡಿ, ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಅದೇ ಕೊಡುತ್ತದೆ. ಹೆಸರು ಬಾರದಿದ್ದರೆ ಮೇಲೆ ಬೀಳಲು ಬಿಡುವ ಆಯ್ಕೆಯೂ ಇದೆ.

ಗೌರಿಬಿದನೂರಿನಿಂದ:

ತುಮಕೂರಿನವರು ಹೇಳಿದ ಆಯ್ಕೆ ಸರಿ, ಕಾರಣ ಸರಿಯಿಲ್ಲ. ಎಲ್ಲ ಜೋಡಣೆಗಳನ್ನೂ ಯಾವ ಕಂಪ್ಯೂಟರೂ ನೋಡುವುದಿಲ್ಲ. ಹತ್ತು ಚುಕ್ಕೆ, ಒಂದೊಂದಕ್ಕೆ ಎಂಟು ಜಾಗ ಎಂದುಕೊಳ್ಳಿ. ಅಷ್ಟಕ್ಕೇ 107 ಕೋಟಿ ಜೋಡಣೆ ದಾಟುತ್ತದೆ. ಜಿಲ್ಲೆಯ ನಕ್ಷೆಯಲ್ಲಿ ಹತ್ತೇ ಊರು ಇರುತ್ತವೆಯೇ? ಅದಕ್ಕೇ ಅದು ಒಂದು ಮಟ್ಟಿಗೆ ಚೆನ್ನಾಗಿರುವ ಜೋಡಣೆ ಹುಡುಕಿ ನಿಲ್ಲಿಸುತ್ತದೆ. ಜಾಗ ಸಿಗದ ಹೆಸರನ್ನು ಸುಮ್ನೆ ಬಿಟ್ಟುಬಿಡುತ್ತದೆ, ಹೇಳುವುದೂ ಇಲ್ಲ. ಕೂರದೆ ಉಳಿದ ಹೆಸರುಗಳನ್ನು ಕೆಂಪಗೆ ತೋರಿಸುವ ಗುಂಡಿ ಅದರಲ್ಲೇ ಇದೆ. ಮುದ್ರಿಸುವ ಮುಂಚೆ ಅದನ್ನು ಒತ್ತಿ ನೋಡಿ. ಮೇಲೆ ಬೀಳಲು ಬಿಟ್ಟರೆ ಮಾತ್ರ ಮತ್ತೆ ಹಳೇ ಕಾಯಿಲೆಯೇ.

ನಾನು ಸರ್ವೆ ಕೆಲಸದಿಂದ ನಿವೃತ್ತ. ಪದ ಕೇಳಿದಿರಿ. ಹೆಸರಿಗೆ ಹೆಸರು ‘ತಾಗುವುದು’, ಚುಕ್ಕೆ ‘ಮರೆಯಾಗುವುದು’. ಇವೆರಡು ಸಾಕು. ‘ಒತ್ತುವರಿ’ ಅಂತ ಯಾರಾದರೂ ಹೇಳಿಯಾರು, ಬೇಡ. ಒತ್ತುವರಿಗೆ ಗಡಿ ಇರಬೇಕು. ನಕ್ಷೆಯ ಖಾಲಿ ಜಾಗಕ್ಕೆ ಯಾವ ಹೆಸರೂ ಒಡೆಯನಲ್ಲ.

ಆದರೆ ನೀವು ಮೂರನೆಯ ತಪ್ಪನ್ನು ಬಿಟ್ಟಿದ್ದೀರಿ. ‘ನಂದಿ’ ಎಂಬ ಗ್ರಾಮದ ಹೆಸರನ್ನು ಅದರ ಚುಕ್ಕೆಯ ಕೆಳಗೆ, ಎಡಕ್ಕೆ ಕೂರಿಸಿ ನೋಡಿ. ಎರಡು ಚುಕ್ಕೆಗಳ ನಡುವೆ ಬರುತ್ತದೆ. ಏನೂ ತಾಗಿಲ್ಲ, ಏನೂ ಮರೆಯಾಗಿಲ್ಲ. ಓದುವವನು ಮಾತ್ರ ಬೆಟ್ಟವನ್ನೇ ‘ನಂದಿ’ ಎಂದುಕೊಳ್ಳುತ್ತಾನೆ. ಇದನ್ನು ಕಂಪ್ಯೂಟರ್ ಸುಲಭಕ್ಕೆ ಹಿಡಿಯುವುದಿಲ್ಲ. ಹಿಡಿಯುವ ಬಗೆ ಒಂದೇ: ಜಿಲ್ಲೆ ಗೊತ್ತಿಲ್ಲದವರ ಕೈಗೆ ನಕ್ಷೆ ಕೊಟ್ಟು, ಚುಕ್ಕೆ ತೋರಿಸಿ ಹೆಸರು ಕೇಳಿ. ಇದಕ್ಕೆ ನಾನು ‘ವಾರಸು ತಪ್ಪಿದ ಹೆಸರು’ ಎನ್ನುತ್ತೇನೆ.

ಕೋಲಾರದಿಂದ:

‘ವಾರಸು ತಪ್ಪಿದ’ ಚೆನ್ನಾಗಿದೆ, ಆದರೆ ಕೇಳಿದರೆ ಯಾರಿಗೂ ಸೇರದ ಹೆಸರು ಅನ್ನಿಸುತ್ತದೆ. ಇಲ್ಲಿ ಒಂದೇ ಹೆಸರಿಗೆ ಇಬ್ಬರು ಬಂದು ನಿಂತಿದ್ದಾರೆ. ‘ತಕರಾರು ಹೆಸರು’ ಅನ್ನಬಹುದಲ್ಲವೇ?

ಇನ್ನೊಂದು ಮಾತು. ಅಚ್ಚು ಕೆಲಸದವಳು ನಾನು, ಅಕ್ಷರದ ಬಗ್ಗೆ ಹೇಳಬಲ್ಲೆ. ‘ಮೇಲೆ, ಬಲಕ್ಕೆ’ ಎಂಬ ಮೊದಲ ಆಯ್ಕೆ ರೋಮನ್ ಅಕ್ಷರಕ್ಕೆ ಹೊಂದುವಂಥದ್ದು. ಸ್ವಿಟ್ಜರ್‌ಲೆಂಡಿನ ನಕ್ಷೆಕಾರ ಎಡ್ವರ್ಡ್ ಇಮ್ಹೋಫ್ 1962ರಲ್ಲಿ ಹೆಸರುಗಳ ಜೋಡಣೆಯ ಬಗ್ಗೆಯೇ ಬರೆದರು. ಆ ದಾರಿಯಲ್ಲೇ ಈ ಸಾಫ್ಟ್‌ವೇರ್‌ಗಳೂ ನಡೆಯುತ್ತಿವೆ. ರೋಮನ್ನಿನಲ್ಲಿ ಗೆರೆಯಿಂದ ಕೆಳಗೆ ಇಳಿಯುವ ಅಕ್ಷರ ಕಡಿಮೆ. ಹಾಗಾಗಿ ಹೆಸರು ಚುಕ್ಕೆಯ ಮೇಲಿದ್ದರೆ ನಡುವೆ ಜಾಗ ಉಳಿಯುತ್ತದೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ನೇತಾಡುತ್ತದೆ. ‘ಚಿಕ್ಕಬಳ್ಳಾಪುರ’ದಲ್ಲಿ ಎರಡು, ‘ಶಿಡ್ಲಘಟ್ಟ’ದಲ್ಲಿ ಎರಡು. ಮೇಲೆ ಕೂರಿಸಿದರೆ ಆ ಒತ್ತುಗಳೇ ಚುಕ್ಕೆಯ ಮೇಲೆ ಬರುತ್ತವೆ. ಅಕ್ಷರದ ಸುತ್ತ ಬಿಳಿ ಅಂಚು ಕೊಟ್ಟಿದ್ದರೆ ಇನ್ನೂ ಕೆಟ್ಟದ್ದು, ಆ ಬಿಳುಪು ಚುಕ್ಕೆಯನ್ನು ಅರ್ಧ ತಿನ್ನುತ್ತದೆ.

ಹಾಗಂತ ಕೆಳಗೆ ಕೂರಿಸಿ ಎಂದೂ ಹೇಳಲಾರೆ. ಗುಡಿಸು, ಏತ್ವ ಮೇಲೆ ಎದ್ದಿರುತ್ತವೆ. ನನ್ನ ಕಣ್ಣಿಗೆ ನೇರ ಬಲಗಡೆ ಚೆಂದ.

ಗೌರಿಬಿದನೂರಿನಿಂದ:

ನೇರ ಬಲಗಡೆ ಹೆಸರಿಟ್ಟರೆ ಚುಕ್ಕೆಯೇ ಒಂದು ಅಕ್ಷರದ ಹಾಗೆ ಕಾಣುತ್ತದೆ ಮೇಡಂ. ಮೊದಲಲ್ಲಿ ಸೊನ್ನೆ ಇದ್ದಂತೆ. ನಾನು ಒಪ್ಪುವುದಿಲ್ಲ.

ಕೋಲಾರದಿಂದ:

ಚುಕ್ಕೆ ತುಂಬಿದ್ದರೆ ಸೊನ್ನೆ ಹೇಗಾಗುತ್ತದೆ ಸಾರ್? ಖಾಲಿ ಉಂಗುರ ಹಾಕಿದರೆ ಮಾತ್ರ ನೀವು ಹೇಳಿದ್ದು ನಿಜ.

ಮೊದಲು ಕೇಳಿದವನಿಂದ:

ಎರಡು ಬಗೆಯನ್ನೂ ಮುದ್ರಿಸಿ ನೋಡಿದೆ. ‘ಶಿಡ್ಲಘಟ್ಟ’ ಮೇಲೆ ಕೂತಾಗ ಎಡತುದಿಯ ಒತ್ತು ನಿಜವಾಗಿಯೂ ಚುಕ್ಕೆಗೆ ತಾಗಿತ್ತು. ಪರದೆಯಲ್ಲಿ ಹಿಗ್ಗಿಸಿ ನೋಡುವಾಗ ಗೊತ್ತೇ ಆಗಿರಲಿಲ್ಲ. ಒಂದು ಮಿಲಿಮೀಟರ್ ಅಂತರ ಜಾಸ್ತಿ ಕೊಟ್ಟೆ, ಬಿಟ್ಟಿತು. ‘ಗುಡಿಬಂಡೆ’ಗೆ ಅದೇ ಅಂತರ ಕೊಟ್ಟರೆ ಹೆಸರು ಚುಕ್ಕೆಯಿಂದ ದೂರ ಹೋದಂತಿದೆ, ಅದರಲ್ಲಿ ಒತ್ತೇ ಇಲ್ಲವಲ್ಲ. ಈಗ ಒತ್ತು ಇರುವ ಹೆಸರುಗಳನ್ನು ಬೇರೆ ಮಾಡಿ, ಅವಕ್ಕಷ್ಟೇ ಅಂತರ ಹೆಚ್ಚಿಸುತ್ತಿದ್ದೇನೆ. ‘ನಂದಿಬೆಟ್ಟ’ ಕೆಳಗೆ ಎಡಕ್ಕೆ ಹೋಯಿತು, ‘ನಂದಿ’ ಮೇಲೆ ಬಲಕ್ಕೆ. ಬೆಂಗಳೂರಿನಿಂದ ಬಂದ ನೆಂಟರ ಹುಡುಗನಿಗೆ ತೋರಿಸಿದೆ, ಎರಡನ್ನೂ ಸರಿಯಾಗಿ ಓದಿದ.

ಕೈಪಿಡಿಯಲ್ಲಿ ‘ತಾಗು’, ‘ಮರೆ’ ಹಾಕಿಯಾಯಿತು. ‘ವಾರಸು’, ‘ತಕರಾರು’ ಎರಡರಲ್ಲಿ ಇನ್ನೂ ಹೊಯ್ದಾಡುತ್ತಿದ್ದೇನೆ. ಜಾಗವೇ ಇಲ್ಲದಾಗ ಹೆಸರನ್ನು ದೂರ ಬರೆದು ಚುಕ್ಕೆಗೆ ಸಣ್ಣ ಗೆರೆ ಎಳೆಯುತ್ತೇವಲ್ಲ, ಆ ಗೆರೆಗೆ ಏನನ್ನೋಣ? ಮಕ್ಕಳು ‘ಬಾಲ’ ಅನ್ನುತ್ತಿದ್ದಾರೆ.