‘ಸ್ಟಾಕ್ ರಿಪೇರಿ’: ದುರಸ್ತಿಯೋ, ತೇಪೆಯೋ?

ಹುಬ್ಬಳ್ಳಿಯಿಂದ, ಅನುವಾದಕಿ

ಮಾನ್ಯರೇ, ಹೂಡಿಕೆದಾರರಿಗಾಗಿ ಸಿದ್ಧವಾಗುತ್ತಿರುವ ಒಂದು ಕಿರುಹೊತ್ತಗೆಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಹನ್ನೊಂದು ಗಂಟೆಗೆ ಅದು ಮುದ್ರಣಾಲಯಕ್ಕೆ ಹೋಗಬೇಕು. ಒಂದು ಅಧ್ಯಾಯದ ತಲೆಬರಹ ಮಾತ್ರ ಖಾಲಿ ಉಳಿದಿದೆ. ಮೂಲದಲ್ಲಿ ‘ಸ್ಟಾಕ್ ರಿಪೇರಿ’ ಎಂದಿದೆ. ₹500ಕ್ಕೆ ಕೊಂಡ ನೂರು ಷೇರುಗಳ ಬೆಲೆ ₹400ಕ್ಕೆ ಕುಸಿದಿದೆ ಎಂದಿಟ್ಟುಕೊಳ್ಳಿ. ಆಗ ₹400ರ ಸ್ಟ್ರೈಕಿನ ಒಂದು ಕಾಲ್, ಅಂದರೆ ಅವಧಿಯ ಕೊನೆಗೆ ಪೇಟೆಯ ಬೆಲೆ ಎಷ್ಟೇ ಇದ್ದರೂ ₹400ಕ್ಕೇ ಷೇರು ಕೊಳ್ಳಲು ಬಿಡುವ ಆಪ್ಷನ್ ಒಪ್ಪಂದವೊಂದನ್ನು ಕೊಂಡು, ₹450ರ ಎರಡು ಕಾಲ್‌ಗಳನ್ನು ಮಾರಿದರೆ, ಹೊಸದಾಗಿ ಹಣ ಹಾಕದೆಯೇ, ಲಾಭವೂ ನಷ್ಟವೂ ಇಲ್ಲದ ಬ್ರೇಕ್-ಈವನ್ ಬೆಲೆ ₹500ರಿಂದ ₹450ಕ್ಕೆ ಇಳಿಯುತ್ತದೆ ಎಂಬುದು ಅಧ್ಯಾಯದ ಸಾರ. ‘ಷೇರು ದುರಸ್ತಿ’ ಎನ್ನಬಹುದೇ? ಬ್ರೇಕ್-ಈವನ್‌ಗೂ ಒಂದು ಪದ ಬೇಕು.

ಧಾರವಾಡದಿಂದ, ನಿವೃತ್ತ ಅಧ್ಯಾಪಕರು

‘ದುರಸ್ತಿ’ ಬೇಡ. ಅದು ಫಾರಸಿಯ ‘ದುರುಸ್ತ್’ ಮರಾಠಿಯ ಮನೆಯಲ್ಲಿ ನಾಲ್ಕು ದಿನ ಉಂಡು ನಮ್ಮಲ್ಲಿಗೆ ಬಂದದ್ದು. ‘ಸರಿಪಡಿಕೆ’ ಎನ್ನಿ. ಬ್ರೇಕ್-ಈವನ್‌ಗೆ ನಮ್ಮದೇ ‘ಸರಿದೂಗು’ ಇದೆ. ‘ತೂಗು’ ಎಂಬ ಧಾತುವಿನ ಮೊದಲಕ್ಷರ ಸಮಾಸದಲ್ಲಿ ಮೆತ್ತಗಾಗಿ ‘ದೂಗು’ ಆಯಿತು. ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಮಟ್ಟಕ್ಕೆ ನಿಲ್ಲುವುದು ಎಂಬುದೇ ಅದರ ಮೂಲಾರ್ಥ. ‘ಸರಿದೂಗುವ ಬೆಲೆ’ ಎಂದರೆ ಸಂತೆಯಲ್ಲಿ ಕೂತವರಿಗೂ ತಿಳಿಯುತ್ತದೆ. ಇದರ ಮೇಲೆ ಚರ್ಚೆಯ ಅಗತ್ಯವಿಲ್ಲ.

ಗದಗಿನಿಂದ, ಕಿರಾಣಿ ವ್ಯಾಪಾರಿ

ಸ್ಟಾಕ್ ಎಂದರೆ ದಾಸ್ತಾನು. ಹಾಳಾದ ದಾಸ್ತಾನನ್ನು ಯಾರೂ ದುರಸ್ತಿ ಮಾಡುವುದಿಲ್ಲ. ನಾವು ಸೊಟ್ಟಾದ ಡಬ್ಬಿಗಳನ್ನು ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ‘ಕಳಪೆ ಮಾಲಿನ ವಿಲೇವಾರಿ’ ಎಂಬುದು ಸರಿಯಾದೀತು.

ಹುಬ್ಬಳ್ಳಿಯಿಂದ, ಷೇರು ವ್ಯವಹಾರ ಬಲ್ಲವರು

ಇಲ್ಲಿ ಸ್ಟಾಕ್ ಎಂದರೆ ಷೇರು, ದಾಸ್ತಾನಲ್ಲ ಸಾಹುಕಾರರೇ. ಆದರೆ ಕಳಪೆ ಮಾಲಿನ ಮಾತು ಪೂರ್ತಿ ಹೊರಗಿನದೇನೂ ಅಲ್ಲ, ಆಮೇಲೆ ಹೇಳುತ್ತೇನೆ.

ಅನುವಾದಕಿಯವರೇ, ‘ಸರಿದೂಗುವ ಬೆಲೆ’ ಬಹಳ ಒಳ್ಳೆಯ ಪದ, ತೆಗೆದುಕೊಳ್ಳಿ. ‘ದುರಸ್ತಿ’ ಬೇಡ ಎಂಬುದಕ್ಕೂ ನನ್ನ ಸಮ್ಮತಿಯಿದೆ, ಆದರೆ ಗುರುಗಳು ಕೊಟ್ಟ ಕಾರಣಕ್ಕಲ್ಲ. ನಿಮ್ಮ ಲೆಕ್ಕವನ್ನೇ ನೋಡಿ. ಬೆಲೆ ₹450ಕ್ಕೆ ಬಂದು ನಿಂತರೆ ಷೇರಿನಲ್ಲಿ ₹50 ನಷ್ಟ, ಕೊಂಡ ಕಾಲ್‌ನಲ್ಲಿ ₹50 ಲಾಭ, ಮಾರಿದ ಕಾಲ್‌ಗಳೆರಡೂ ಶೂನ್ಯ, ಲೆಕ್ಕ ಸರಿದೂಗುತ್ತದೆ. ಬೆಲೆ ₹450ನ್ನು ದಾಟಿದ ಮೇಲೆ ಷೇರು ಮತ್ತು ಕೊಂಡ ಕಾಲ್ ಸೇರಿ ಎಷ್ಟು ಗಳಿಸುತ್ತವೆಯೋ ಅಷ್ಟನ್ನೇ ಮಾರಿದ ಎರಡು ಕಾಲ್‌ಗಳು ತಿನ್ನುವುದರಿಂದ, ಷೇರು ₹600ಕ್ಕೆ ಹೋದರೂ ನಿಮ್ಮ ಕೈಗೆ ಲಾಭವೆಂದು ಬಿಡಿಗಾಸೂ ಬರುವುದಿಲ್ಲ. ಇನ್ನು ₹400ರ ಕೆಳಗೆ ಕುಸಿದರೆ ಮೊದಲಿನ ನಷ್ಟ ಹಾಗೆಯೇ ಬೆಳೆಯುತ್ತ ಹೋಗುತ್ತದೆ, ಅದಕ್ಕೆ ಯಾವ ತಡೆಯೂ ಇಲ್ಲ. ಕೆಳಗಿನ ಹರಕು ಹಾಗೆಯೇ ಇದ್ದು, ಮೇಲಿನದನ್ನು ಹೊಲಿದು ಮುಚ್ಚಿದ್ದಕ್ಕೆ ನಮ್ಮ ಕಡೆ ‘ತೇಪೆ’ ಎನ್ನುತ್ತಾರೆ. ಕೌದಿ ಹೊಲಿಯುವ ಯಾವ ಅಜ್ಜಿಯೂ ತೇಪೆ ಹಚ್ಚಿದ್ದನ್ನು ಹೊಸದೆಂದು ಹೇಳುವುದಿಲ್ಲ.

‘ಹೊಸದಾಗಿ ಹಣ ಹಾಕದೆಯೇ’ ಎಂಬ ನಿಮ್ಮ ವಾಕ್ಯ ತಲೆಬರಹಕ್ಕಿಂತ ಅಪಾಯಕಾರಿ. ಅವಧಿ ಮೂರು ತಿಂಗಳಿದ್ದು, ಷೇರಿನ ಏರಿಳಿತ ಜೋರಾಗಿದ್ದರೆ ₹400ರ ಕಾಲ್‌ಗೆ ಸುಮಾರು ₹35, ₹450ರದಕ್ಕೆ ತಲಾ ₹17 ಪ್ರೀಮಿಯಂ ಇದ್ದೀತು. ಆಗ ಕೊಟ್ಟದ್ದು ಬಂದದ್ದಕ್ಕೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಅದೇ ಷೇರಿನ ಒಂದು ತಿಂಗಳ ಅವಧಿಯಲ್ಲಿ ಈ ಅಂಕಿಗಳು ₹19 ಮತ್ತು ₹4ರ ಆಸುಪಾಸಿಗೆ ಇಳಿಯುತ್ತವೆ. ಕೊಟ್ಟದ್ದು 19, ಬಂದದ್ದು 8, ಕೈಯಿಂದ ಹೋದದ್ದು 11. ನಮ್ಮ ಪೇಟೆಯಲ್ಲಿ ಬಿಡಿ ಷೇರುಗಳ ದೂರದ ತಿಂಗಳ ಆಪ್ಷನ್‌ಗಳಲ್ಲಿ ವ್ಯವಹಾರ ತೀರ ತೆಳುವಾದುದರಿಂದ, ಹೆಚ್ಚಿನವರ ಪಾಲಿಗೆ ಬರುವುದು ಈ ಎರಡನೆಯ ಲೆಕ್ಕವೇ.

ಹಾವೇರಿಯಿಂದ, ಸದಸ್ಯರು

ಈ ಎರಡನೆಯ ಲೆಕ್ಕದಲ್ಲಿ ಸಿಕ್ಕವನು ನಾನೇ. ನನ್ನ ಬಳಿ ಸರಿಯಾಗಿ ಒಂದು ಲಾಟಿನಷ್ಟು ಷೇರುಗಳಿದ್ದವು, ಅಂಕಿಗಳೂ ಹೆಚ್ಚುಕಡಿಮೆ ಇವೇ. ತಿಂಗಳ ಕೊನೆಗೆ ಬೆಲೆ ₹460 ಆದಾಗ ಸರಿದೂಗುವ ಬೆಲೆ ದಾಟಿತೆಂದು ಮನೆಯಲ್ಲಿ ಮಿಠಾಯಿ ಹಂಚಿದೆ. ಲೆಕ್ಕ ಹಾಕಿದರೆ ಷೇರಿಗೆ ₹11 ನಷ್ಟ. ಅದು ಹೋಗಲಿ, ಎರಡು ದಿನಗಳ ನಂತರ ಡಿಮ್ಯಾಟ್ ಖಾತೆ ತೆರೆದರೆ ಷೇರುಗಳೇ ಇರಲಿಲ್ಲ! ದಲ್ಲಾಳಿಯವರನ್ನು ಕೇಳಿದರೆ ‘ಡೆಲಿವರಿಗೆ ಹೋಗಿವೆ’ ಎಂದರು. ಮುಂದಿನ ತಿಂಗಳು ಆ ಷೇರು ₹500 ದಾಟಿತು.

ದುರಸ್ತಿಗೆ ಕೊಟ್ಟ ಗಡಿಯಾರ ಮರಳಿ ಕೈಗೆ ಬರುತ್ತದೆ ಎಂದು ನಂಬಿದ್ದೆ ಸ್ವಾಮಿ. ಹನ್ನೊಂದು ರೂಪಾಯಿ ಹೋದರೂ ಚಿಂತೆಯಿಲ್ಲ, ₹450 ದಾಟಿದ್ದು ಸುಳ್ಳೇ?

ಹುಬ್ಬಳ್ಳಿಯಿಂದ, ಷೇರು ವ್ಯವಹಾರ ಬಲ್ಲವರು

ಸುಳ್ಳಲ್ಲ, ಆದರೆ ನಿಮಗೆ ಸರಿದೂಗುವ ಬೆಲೆ ಎಂಬುದೇ ಇರಲಿಲ್ಲ. ₹450ರ ಮೇಲೆ ಗಳಿಕೆ ಸಮತಟ್ಟಾಗಿ ನಿಲ್ಲುತ್ತದೆ ಎಂದೆನಲ್ಲ, ಆರಂಭದಲ್ಲಿ ₹11 ಕೊಟ್ಟಿದ್ದರೆ ಆ ಸಮತಟ್ಟೇ ₹11 ಕೆಳಗೆ ಕುಳಿತಿರುತ್ತದೆ, ಬೆಲೆ ಎಷ್ಟೇ ಏರಲಿ. ಮಾರುವ ಕಾಲ್ ಅನ್ನು ₹460ಕ್ಕೆ ಇಟ್ಟಿದ್ದರೆ ಲೆಕ್ಕ ಕೂಡುತ್ತಿತ್ತು, ಆದರೆ ಅದರ ಪ್ರೀಮಿಯಂ ಇನ್ನೂ ಕಡಿಮೆ. ಹಾಗೆಂದು ನಿಮಗೆ ಬರೀ ಕೇಡಾಗಿದೆ ಎನ್ನಲಾರೆ. ಸುಮ್ಮನೆ ಕುಳಿತಿದ್ದರೆ ಆ ದಿನ ನಿಮ್ಮ ನಷ್ಟ ಷೇರಿಗೆ ₹40 ಇರುತ್ತಿತ್ತು.

ಷೇರು ಹೋದದ್ದಕ್ಕೂ ಕಾರಣವಿದೆ. ನಮ್ಮಲ್ಲಿ ಬಿಡಿ ಷೇರಿನ ಆಪ್ಷನ್‌ಗಳು ಈಗ ಹಣದಲ್ಲಿ ಚುಕ್ತಾ ಆಗುವುದಿಲ್ಲ, ಷೇರನ್ನೇ ಕೊಟ್ಟು ತೆಗೆದುಕೊಳ್ಳಬೇಕು. ಕೊಂಡ ಕಾಲ್ ಒಂದು ಮಾರಿದ ಕಾಲ್‌ಗೆ ವಜಾ ಆಯಿತು, ಉಳಿದ ಇನ್ನೊಂದಕ್ಕೆ ನಿಮ್ಮ ಷೇರುಗಳನ್ನು ₹450ರಂತೆ ಒಪ್ಪಿಸಬೇಕಾಯಿತು. ಷೇರು ಉಳಿಯಬೇಕಿದ್ದರೆ ಅವಧಿ ಮುಗಿಯುವ ಮೊದಲೇ ಕೊಂಡ ಕಾಲ್ ಅನ್ನು ಮಾರಿ, ಮಾರಿದವನ್ನು ಮರಳಿ ಕೊಂಡು ಎಲ್ಲವನ್ನೂ ಮುಗಿಸಬೇಕಿತ್ತು. ಗದಗಿನ ಸಾಹುಕಾರರು ಹೇಳಿದ ವಿಲೇವಾರಿ ಇದೇ.

ಧಾರವಾಡದಿಂದ, ನಿವೃತ್ತ ಅಧ್ಯಾಪಕರು

‘ಕಾಲ್’, ‘ಲಾಟು’, ‘ಡೆಲಿವರಿ’, ‘ಚುಕ್ತಾ’, ‘ವಜಾ’! ಒಂದು ಉತ್ತರದಲ್ಲಿ ಎಷ್ಟು ದೇಶಗಳ ಸುಂಕ ಕಟ್ಟುತ್ತೀರಿ? ‘ಕಾಲ್’ ಎಂದರೆ ಓದುಗರು ಮೊಬೈಲ್ ಹುಡುಕುತ್ತಾರೆ. ‘ಕೊಳ್ಳುವ ಹಕ್ಕು’ ಎನ್ನಿ.

ಹುಬ್ಬಳ್ಳಿಯಿಂದ, ಷೇರು ವ್ಯವಹಾರ ಬಲ್ಲವರು

‘ಹಕ್ಕು’ ಎಂಬುದು ಅರಬ್ಬಿ ಮೂಲದ್ದು ಗುರುಗಳೇ. ಕಾಲ್‌ಗೆ ದೇಶೀ ಪದವೇ ಬೇಕೆಂದರೆ ಕಾನೂನಿನಲ್ಲಿದೆ: 1956ರ ಸೆಕ್ಯುರಿಟೀಸ್ ಕಾಂಟ್ರಾಕ್ಟ್ಸ್ ಕಾಯ್ದೆ ಆಪ್ಷನ್ ಎಂಬುದನ್ನು ವಿವರಿಸುವಾಗ ತೇಜಿ, ಮಂದಿ, ತೇಜಿ-ಮಂದಿ, ಗಲ್ಲಿ ಎಂಬ ಪೇಟೆಯ ಮಾತುಗಳನ್ನೇ ಪುಟ್, ಕಾಲ್‌ಗಳ ಪಕ್ಕದಲ್ಲಿ ಹೆಸರಿಸುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೇಜಿ, ಮಂದಿ ಎಂದರೆ ಯಾರೂ ಅರ್ಥ ಕೇಳುವುದಿಲ್ಲ.

ಧಾರವಾಡದಿಂದ, ನಿವೃತ್ತ ಅಧ್ಯಾಪಕರು

ಹಳಗಾಲದ ಕನ್ನಡದಲ್ಲಿ ‘ತೇಜಿ’ ಎಂದರೆ ಕುದುರೆ. ಅಧ್ಯಾಯವನ್ನು ಅಶ್ವಶಾಸ್ತ್ರವೆಂದು ಓದಿಕೊಂಡಾರು. ‘ತೇಪೆ’ಗೆ ನನ್ನ ಅಡ್ಡಿಯಿಲ್ಲ, ಆದರೆ ಪುಸ್ತಕದ ತಲೆಬರಹಕ್ಕೆ ಅದು ಅಗ್ಗ.

ಹುಬ್ಬಳ್ಳಿಯಿಂದ, ಅನುವಾದಕಿ

ಎಲ್ಲರಿಗೂ ವಂದನೆಗಳು. ‘ಸರಿದೂಗುವ ಬೆಲೆ’ಯನ್ನು ಸ್ವೀಕರಿಸಿದ್ದೇನೆ, ‘ಕಾಲ್’ ಹಾಗೆಯೇ ಉಳಿಯುತ್ತದೆ. ‘ಹೊಸದಾಗಿ ಹಣ ಹಾಕದೆಯೇ’ ಎಂಬುದನ್ನು ‘ಎರಡು ಕಾಲ್‌ಗಳ ಪ್ರೀಮಿಯಂ ಒಂದರ ಬೆಲೆಗೆ ಸರಿಹೋದರೆ ಮಾತ್ರ’ ಎಂದು ತಿದ್ದಿ, ಷೇರು ಕೈಬಿಡುವ ಸಂಗತಿಯನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದ್ದೇನೆ. ತಲೆಬರಹಕ್ಕೆ ‘ಕುಸಿದ ಷೇರಿಗೆ ತೇಪೆ’ ಎಂದು ಬರೆದು ಪ್ರಕಾಶಕರಿಗೆ ಕಳಿಸಿದೆ. ‘ಇದನ್ನು ಓದಿ ಯಾರು ಪುಸ್ತಕ ಕೊಳ್ಳುತ್ತಾರೆ?’ ಎಂದು ಕೇಳುತ್ತಿದ್ದಾರೆ. ಅವರಿಗೆ ‘ದುರಸ್ತಿ’ಯೇ ಬೇಕಂತೆ. ಹನ್ನೊಂದು ಗಂಟೆಯವರೆಗೆ ಸಮಯವಿದೆ.

ಹಾವೇರಿಯಿಂದ, ಸದಸ್ಯರು

ಅಡಿಟಿಪ್ಪಣಿಯನ್ನು ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಿಸಿರಿ.