ಬರಹದಲ್ಲಿ ಡಕಾರ, ಬಾಯಲ್ಲಿ ಟಕಾರ: ಪದದ ಕೊನೆಯಲ್ಲಿ ಘೋಷ ಎಲ್ಲಿ ಹೋಗುತ್ತದೆ?

ಕೋಥ್ರೂಡ್ ಕನ್ನಡತಿ (ಪುಣೆ): ನಾನು ಇಲ್ಲಿ ಜರ್ಮನ್ ಕಲಿಯುತ್ತಿದ್ದೇನೆ. ಚಕ್ರ ಎಂಬ ಅರ್ಥದ ಪದದ ಕೊನೆಯಲ್ಲಿ ಡಕಾರ ಬರೆದು ‘ರಾಟ್’ ಎಂದು ಓದಬೇಕಂತೆ. ಸಲಹೆ ಎಂಬ ಅರ್ಥದ ಇನ್ನೊಂದು ಪದವನ್ನು ಟಕಾರ ಬರೆದು ಅದೇ ‘ರಾಟ್’ ಎಂದೇ ಓದಬೇಕಂತೆ. ಎರಡೂ ಒಂದೇ ಆಗಿ ಕೇಳಿಸುವುದಾದರೆ ಒಂದರಲ್ಲಿ ಡಕಾರವಿದೆ ಎಂದು ಹೇಳುವುದಕ್ಕೆ ಬರಹವನ್ನು ಬಿಟ್ಟು ಬೇರೆ ಆಧಾರವಿದೆಯೇ?

ಡೊಂಬಿವಲಿ ರಾವ್: ಇದು ನಮ್ಮ ಆದೇಶ ಸಂಧಿಯೇ ಅಲ್ಲವೇ, ಮೇಡಂ? ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ ಆಗುವಂತೆ ಅಲ್ಲಿಯೂ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬರುತ್ತದೆ. ಜರ್ಮನರ ಮೂಲ ಪದ ‘ರಾಟ್’ ಎಂದೇ ಇದ್ದು, ಬಹುವಚನದಲ್ಲಿ ಸ್ವರ ಸೇರಿದಾಗ ಟಕಾರ ಮೆತ್ತಗಾಗಿ ಡಕಾರವಾಗುತ್ತದೆ ಎಂದುಕೊಂಡರೆ ಮುಗಿಯಿತು.

ಮಾಟುಂಗಾ ಮೇಷ್ಟ್ರು: ರಾವ್ ಅವರೇ, ಸ್ಥಾನಕ್ಕೆ ತಕ್ಕಂತೆ ಧ್ವನಿ ಬದಲಾಗುತ್ತದೆ ಎಂಬ ನಿಮ್ಮ ಮಾತು ಸರಿಯೇ, ಆದರೆ ದಿಕ್ಕು ತಿರುಗಿಹೋಗಿದೆ. ಎರಡೂ ಪದಗಳಿಗೆ ಷಷ್ಠಿ ವಿಭಕ್ತಿ ಹಚ್ಚಿ ನೋಡಿ. ಚಕ್ರದ ಎನ್ನಲು ‘ರಾಡೆಸ್’ ಎನ್ನುತ್ತಾರೆ, ಸಲಹೆಯ ಎನ್ನಲು ‘ರಾಟೆಸ್’ ಎನ್ನುತ್ತಾರೆ. ಬಹುವಚನದಲ್ಲಿಯೂ ಚಕ್ರಗಳು ‘ರೇಡರ್’, ಇನ್ನೊಂದು ‘ರೇಟೆ’. ನೀವು ಹೇಳುವಂತೆ ಮೂಲದಲ್ಲಿ ಎರಡೂ ಟಕಾರವೇ ಆಗಿದ್ದು, ಎರಡು ಸ್ವರಗಳ ನಡುವೆ ಅದು ಮೆತ್ತಗಾಗುವುದೇ ನಿಯಮವಾಗಿದ್ದರೆ, ಸಲಹೆಯ ಪದವೂ ‘ರಾಡೆಸ್’ ಆಗಬೇಕಿತ್ತು. ಅದು ಆಗುವುದಿಲ್ಲ. ಆದ್ದರಿಂದ ಒಂದು ಪದದೊಳಗೆ ಡಕಾರವೂ ಇನ್ನೊಂದರೊಳಗೆ ಟಕಾರವೂ ಮೊದಲಿನಿಂದಲೇ ಇವೆ, ಮುಂದೆ ಸ್ವರ ಬರದೆ ಪದ ಮುಗಿದುಹೋದಾಗ ಡಕಾರ ಮಾತ್ರ ಘೋಷವನ್ನು, ಅಂದರೆ ಗಂಟಲಿನ ಕಂಪನದ ನಾದವನ್ನು, ಕಳೆದುಕೊಳ್ಳುತ್ತದೆ ಎಂದು ಹೇಳಬೇಕಾಗುತ್ತದೆ. ಕೊನೆಯಲ್ಲಿ ಕೇಳಿಸುವ ಟಕಾರವನ್ನು ನೋಡಿ ಮುಂದಿನ ರೂಪವನ್ನು ಊಹಿಸಲು ಆಗದು; ಮುಂದಿನ ರೂಪವನ್ನು ನೋಡಿ ಕೊನೆಯದನ್ನು ಯಾವಾಗಲೂ ಹೇಳಬಹುದು. ಕನ್ನಡತಿಯವರು ಕೇಳಿದ ಆಧಾರ ಇದೇ, ಇದಕ್ಕೆ ಬರಹ ಬೇಕಾಗಿಲ್ಲ. ಬರಹವಾದರೂ ಯಾವಾಗಲೂ ಹೀಗಿರಲಿಲ್ಲ: ಮಧ್ಯಯುಗದ ಜರ್ಮನ್ ಹಸ್ತಪ್ರತಿಗಳಲ್ಲಿ ದಿನ ಎಂಬ ಪದವನ್ನು ಕೊನೆಯಲ್ಲಿ ಕಕಾರ ಹಾಕಿ ‘ತಕ್’ ಎಂದೂ, ವಿಭಕ್ತಿ ಸೇರಿದಾಗ ಗಕಾರ ಹಾಕಿ ‘ತಗೆಸ್’ ಎಂದೂ, ಅಂದರೆ ಕಿವಿಗೆ ಬಿದ್ದಂತೆ ಬರೆಯುವ ಪದ್ಧತಿಯಿತ್ತು.

ಡೊಂಬಿವಲಿ ರಾವ್: ‘ರಾಟೆಸ್’ ರೂಪ ನನಗೆ ಗೊತ್ತಿರಲಿಲ್ಲ. ಆದರೆ ಸಂಸ್ಕೃತದಲ್ಲಿ ವಾಕ್ ಮತ್ತು ಈಶ ಸೇರಿ ವಾಗೀಶ ಆಗುವುದಿಲ್ಲವೇ? ಅಲ್ಲಿ ಅಘೋಷವೇ ಘೋಷವಾಗುತ್ತದೆ.

ಮಾಟುಂಗಾ ಮೇಷ್ಟ್ರು: ಒಳ್ಳೆಯ ಉದಾಹರಣೆ ತಂದಿರಿ, ಏಕೆಂದರೆ ಸಂಸ್ಕೃತದಲ್ಲಿ ಭೇದ ಎರಡು ಕಡೆಗೂ ಅಳಿಯುತ್ತದೆ. ಸುಹೃದ್ ಮತ್ತು ಮರುತ್ ಎಂಬ ಎರಡು ಪ್ರಾತಿಪದಿಕಗಳನ್ನು ತೆಗೆದುಕೊಳ್ಳಿ. ತೃತೀಯಾ ವಿಭಕ್ತಿಯಲ್ಲಿ ಸುಹೃದಾ, ಮರುತಾ ಎಂದು ದಕಾರ ತಕಾರಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಮಾತು ಅಲ್ಲಿಗೇ ನಿಂತರೆ ಸುಹೃತ್, ಮರುತ್ ಎಂದು ಎರಡೂ ತಕಾರವಾಗುತ್ತವೆ. ಮುಂದೆ ‘ಅಸ್ತಿ’ ಬಂದರೆ ಸುಹೃದಸ್ತಿ, ಮರುದಸ್ತಿ ಎಂದು ಎರಡೂ ದಕಾರವಾಗುತ್ತವೆ. ಉಳಿಯುವ ಧ್ವನಿ ಘೋಷವೋ ಅಘೋಷವೋ ಎಂಬುದು ಇಲ್ಲಿ ಮುಖ್ಯವಲ್ಲ, ಪದದ ಅಂಚಿನಲ್ಲಿ ಎರಡರ ನಡುವಿನ ಆಯ್ಕೆಯೇ ಇಲ್ಲವಾಗುತ್ತದೆ ಎಂಬುದು ಮುಖ್ಯ. ಪಾಣಿನಿಯು ಪದಾಂತ್ಯದಲ್ಲಿ ಮೊದಲು ದಕಾರವನ್ನು ವಿಧಿಸಿ, ಆಮೇಲೆ ‘ವಾವಸಾನೇ’ ಎಂಬ ಸೂತ್ರದಿಂದ ವಿರಾಮದಲ್ಲಿ ತಕಾರವನ್ನು ವಿಕಲ್ಪವಾಗಿ ಒಪ್ಪುತ್ತಾನೆ. ಜರ್ಮನ್ ಭಾಷೆಯಲ್ಲಿ ಈ ಎರಡನೆಯ ಮುಖವಿಲ್ಲ, ಮುಂದಿನ ಪದ ಸ್ವರದಿಂದ ಶುರುವಾದರೂ ‘ರಾಟ್ ಇಸ್ಟ್’ ಎಂದು ಟಕಾರವೇ ಉಳಿಯುತ್ತದೆ. ಇನ್ನು ಕನ್ನಡದ ಆದೇಶ ಸಂಧಿ ಉತ್ತರಪದದ ಮೊದಲಕ್ಷರಕ್ಕೆ ಸಂಬಂಧಿಸಿದ್ದು, ಅದಕ್ಕೆ ಅಪವಾದಗಳೂ ಬಹಳ. ಅದನ್ನು ಈ ಲೆಕ್ಕಕ್ಕೆ ತರದಿರುವುದೇ ಒಳ್ಳೆಯದು.

ವಾಶಿ ವಸುಧಾ: ನನ್ನದೂ ಇದೇ ತೊಂದರೆ ಇರಬಹುದು. ನನ್ನ ಮಗ ಇಲ್ಲಿಯ ಮರಾಠಿ ಗೆಳೆಯರ ಜೊತೆ ಆಡಿ ಆಡಿ ‘ದೂಧ್’ ಎನ್ನುವುದನ್ನು ‘ದೂದ್’ ಎನ್ನುತ್ತಾನೆ. ಇದನ್ನು ತಿದ್ದಬೇಕೇ, ತಿಳಿದವರು ಹೇಳಬೇಕು.

ಮಾಟುಂಗಾ ಮೇಷ್ಟ್ರು: ವಸುಧಾ ಅವರೇ, ನಿಮ್ಮ ಮಗನ ಬಾಯಲ್ಲಿ ಹೋಗಿರುವುದು ಮಹಾಪ್ರಾಣ, ಘೋಷ ಹಾಗೆಯೇ ಇದೆ. ಮರಾಠಿಯಲ್ಲಿ ಪದಾಂತ್ಯದ ಘೋಷ ಗಟ್ಟಿಯಾಗಿ ನಿಲ್ಲುತ್ತದೆ: ತೋಟಕ್ಕೆ ‘ಬಾಗ್’, ಕೂರುವ ಬೆಂಚಿಗೆ ‘ಬಾಕ್’, ಯಾರೂ ಇವೆರಡನ್ನು ಬೆರೆಸುವುದಿಲ್ಲ. ಆದರೂ ಪರೀಕ್ಷಿಸಿ ನೋಡಬಹುದು. ‘ಹಾಲಿನಲ್ಲಿ’ ಎಂಬುದನ್ನು ಅವನಿಂದ ಮರಾಠಿಯಲ್ಲಿ ಹೇಳಿಸಿ. ‘ದುಧಾತ್’ ಎಂದರೆ ಮಹಾಪ್ರಾಣ ಅವನ ಪದದೊಳಗೆ ಇದ್ದು ಕೊನೆಯಲ್ಲಿ ಮಾತ್ರ ಅಳಿಯುತ್ತಿದೆ ಎಂದರ್ಥ. ‘ದುದಾತ್’ ಎಂದರೆ ಅವನ ಪದದಲ್ಲಿಯೇ ಅದಿಲ್ಲ, ಸ್ಥಾನದ ಪ್ರಶ್ನೆಯೇ ಏಳುವುದಿಲ್ಲ. ತಿದ್ದುವುದು ಬಿಡುವುದು ನಿಮಗೆ ಬಿಟ್ಟದ್ದು.

ಪಣಜಿ ಪಥಿಕ: ಮೇಷ್ಟ್ರು ಎರಡು ‘ರಾಟ್’ಗಳೂ ಒಂದೇ ಎಂದು ಒಪ್ಪಿಕೊಂಡೇ ಮುಂದೆ ಹೋಗುತ್ತಿದ್ದಾರೆ, ನನ್ನ ತಕರಾರು ಅಲ್ಲಿದೆ. ಯಂತ್ರದಲ್ಲಿ ಅಳೆದಾಗ ಅವು ಪೂರ್ತಿ ಒಂದಾಗಿರುವುದಿಲ್ಲ. 1985ರಲ್ಲಿ ಪೋರ್ಟ್ ಮತ್ತು ಓಡೆಲ್ ಪ್ರಕಟಿಸಿದ ಅಳತೆಗಳಲ್ಲಿ, ಒಳಗೆ ಡಕಾರವಿರುವ ಪದಗಳ ಸ್ವರ ಸುಮಾರು 15 ಮಿಲಿಸೆಕೆಂಡ್ ಉದ್ದವಾಗಿತ್ತು, ಕೇಳುಗರೂ ಬರೀ ಅದೃಷ್ಟಕ್ಕಿಂತ ತುಸು ಹೆಚ್ಚು ಸಲ ಸರಿಯಾದ ಪದವನ್ನು ಗುರುತಿಸಿದರು. ಹಾಗಾದರೆ ಭೇದ ಅಳಿಯಿತು ಎನ್ನುವುದು ಹೇಗೆ?

ಮಾಟುಂಗಾ ಮೇಷ್ಟ್ರು: ಅಳತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಚ್ಚಾದ ಪದವನ್ನು ಕಣ್ಣಮುಂದೆ ಹಿಡಿದು ಓದಿಸಿದರೆ ಡಕಾರವನ್ನು ಕಂಡವನು ತನಗರಿವಿಲ್ಲದೆ ಸ್ವರವನ್ನು ಎಳೆಯಬಹುದು. ಅದಕ್ಕೆ ಒಂದು ವರ್ಷ ಮೊದಲೇ ಫೊರಾಕಿಸ್ ಮತ್ತು ಐವರ್ಸನ್, ಓದಿಸದೆ, ಕ್ರಿಯಾಪದದ ಒಂದು ರೂಪ ಕೊಟ್ಟು ಇನ್ನೊಂದನ್ನು ಹೇಳಿಸಿದಾಗ ಆ ವ್ಯತ್ಯಾಸ ನಿಲ್ಲಲಿಲ್ಲವೆಂದು ತೋರಿಸಿ, ಇದೆಲ್ಲ ಕಾಗುಣಿತದ ಪ್ರಭಾವ ಎಂದು ವಾದಿಸಿದ್ದರು.

ಪಣಜಿ ಪಥಿಕ: ಕಥೆ ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ ರೋಟ್ಗರ್ ಮತ್ತು ಸಂಗಡಿಗರು ಭಾಷೆಯಲ್ಲಿಲ್ಲದ ಪದಗಳನ್ನು ಕಟ್ಟಿ, ಅವುಗಳ ಬಹುವಚನವನ್ನು ಕಿವಿಗೆ ಮಾತ್ರ ಕೇಳಿಸಿ, ಏಕವಚನವನ್ನು ಹೇಳಿಸಿದರು. ಯಾರೂ ಆ ಪದಗಳ ಕಾಗುಣಿತವನ್ನು ಎಂದೂ ಕಂಡಿರಲಿಲ್ಲ, ಆದರೂ ವ್ಯತ್ಯಾಸ ಉಳಿದಿತ್ತು, ಮೊದಲಿನದಕ್ಕಿಂತ ಸಣ್ಣದಾಗಿ.

ಮಾಟುಂಗಾ ಮೇಷ್ಟ್ರು: ಓದುಬರಹ ಬಲ್ಲವನು ‘ರೇಡರ್’ ತರಹದ ಹೊಸ ಪದ ಕೇಳಿದೊಡನೆ ಮನಸ್ಸಿನಲ್ಲಿಯೇ ಡಕಾರ ಬರೆದುಕೊಳ್ಳುವುದಿಲ್ಲವೇ? ಅಥವಾ ಬಹುವಚನದ ನೆನಪೇ ಏಕವಚನವನ್ನು ತುಸು ತನ್ನ ಕಡೆಗೆ ಎಳೆಯುತ್ತಿರಬಹುದು. ಇವೆರಡರಲ್ಲಿ ಯಾವುದು ಎಂದು ಬೇರ್ಪಡಿಸುವ ಪ್ರಯೋಗ ಸುಲಭವಲ್ಲ. ದಿನದ ಮಾತುಕತೆಯಲ್ಲಂತೂ ಕೇಳುಗ ಸಂದರ್ಭದಿಂದಲೇ ಅರ್ಥ ಹಿಡಿಯುತ್ತಾನೆ, ಆ ಮಿಲಿಸೆಕೆಂಡುಗಳಿಂದಲ್ಲ.

ಪಣಜಿ ಪಥಿಕ: ಕೇಳುಗನಿಗೆ ಬೇಡವಾದದ್ದು ಹೇಳುವವನ ಬಾಯಲ್ಲಿ ಇಲ್ಲ ಎಂದಾಗುವುದಿಲ್ಲ, ಮೇಷ್ಟ್ರೇ. ಇದನ್ನು ನಾನು ಒಪ್ಪಲಾರೆ.

ಕೋಥ್ರೂಡ್ ಕನ್ನಡತಿ: ಇಬ್ಬರಿಗೂ ವಂದನೆಗಳು. ‘ರಾಡೆಸ್’, ‘ರಾಟೆಸ್’ ಸ್ಪಷ್ಟವಾಯಿತು. ಆದರೆ ‘ಮತ್ತು’ ಎಂಬ ಅರ್ಥದ ‘ಉಂಟ್’ ಪದದ ಕೊನೆಯಲ್ಲಿಯೂ ಡಕಾರ ಬರೆಯುತ್ತಾರೆ. ಅದು ಅವ್ಯಯ, ವಿಭಕ್ತಿಯೂ ಇಲ್ಲ, ಬಹುವಚನವೂ ಇಲ್ಲ. ಅದರೊಳಗೆ ಇರುವುದು ಯಾವುದು?

ಮಾಟುಂಗಾ ಮೇಷ್ಟ್ರು: ಅಲ್ಲಿ ನನ್ನ ಪರೀಕ್ಷೆ ನಡೆಯುವುದಿಲ್ಲ. ಭಾಷಾವಿಜ್ಞಾನದ ಪ್ರಾಗ್ ಪಂಥದ ತ್ರುಬೆತ್ಸ್‌ಕೊಯ್ ಇಂತಹ ಸ್ಥಾನದಲ್ಲಿ ಡಕಾರವೂ ಅಲ್ಲದ ಟಕಾರವೂ ಅಲ್ಲದ, ಎರಡಕ್ಕೂ ಸಮಾನವಾದ ಗುಣಗಳನ್ನಷ್ಟೇ ಹೊತ್ತ ಒಂದು ಘಟಕವಿದೆ ಎನ್ನುತ್ತಿದ್ದರು. ‘ರಾಟ್’ ವಿಷಯದಲ್ಲಿ ನನಗೆ ಅದು ಅನಗತ್ಯವೆನಿಸುತ್ತದೆ, ‘ಉಂಟ್’ ವಿಷಯದಲ್ಲಿ ಅದಕ್ಕಿಂತ ಉತ್ತಮವಾದದ್ದು ತೋಚುವುದಿಲ್ಲ. ಅಲ್ಲಿಯ ಡಕಾರ ಕಾಗುಣಿತದ್ದು, ಬಾಯಿಪಾಠ ಮಾಡಿಕೊಳ್ಳಿ. ನಾಮಪದಗಳನ್ನು ಮಾತ್ರ ಏಕವಚನವೊಂದನ್ನೇ ಕಲಿಯದೆ ಬಹುವಚನದ ಜೊತೆಗೇ ಕಲಿಯಿರಿ. ಇನ್ನೊಂದು ಮಾತು: ನಾವು ರೋಡನ್ನು ‘ರೋಡು’ ಎಂದು ಉಕಾರ ಸೇರಿಸಿ ಹೇಳುವವರು. ಅದೇ ಅಭ್ಯಾಸದಿಂದ ‘ರಾಡು’ ಎಂದುಬಿಟ್ಟರೆ ಡಕಾರದ ಮುಂದೆ ಸ್ವರ ಬಂದು ಘೋಷ ಉಳಿದುಬಿಡುತ್ತದೆ. ನಿಮ್ಮ ತರಗತಿಯಲ್ಲಿ ಮೊದಲು ತಿದ್ದಿಕೊಳ್ಳಬೇಕಾದದ್ದು ಆ ಉಕಾರವನ್ನು.